ಮರಳಿನ ಏಕರೂಪತಾ ಗುಣಾಂಕ

ಒಣಗಿಸಿ ತೂಗಿದ ಮಣ್ಣನ್ನು 4.75 ಮಿಲಿಮೀಟರಿನಿಂದ 75 ಮೈಕ್ರಾನಿನವರೆಗೆ ಕಿರಿದಾಗುತ್ತ ಹೋಗುವ ಜರಡಿಗಳ ಸಾಲಿನಲ್ಲಿ ಅಲುಗಿಸಿ, ಒಂದೊಂದರ ಮೇಲೂ ಉಳಿದುದನ್ನು ತೂಗಿದರೆ ಕಣಗಾತ್ರದ ರೇಖೆ ಮೂಡುತ್ತದೆ. ಕೊನೆಯ ಜರಡಿಯನ್ನೂ ದಾಟಿದ ಸೂಕ್ಷ್ಮಾಂಶವನ್ನು, ಕಣಗಳು ಅಂಟಿಕೊಳ್ಳದಂತೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿದ ನೀರಿನಲ್ಲಿ ಕದಡಿ, ದಪ್ಪ ಕಣ ಬೇಗನೆಯೂ ಸಣ್ಣದು ತಡವಾಗಿಯೂ ತಳ ಸೇರುವುದೆಂಬ ಸ್ಟೋಕ್ಸನ ನಿಯಮವನ್ನಾಶ್ರಯಿಸಿ, ಹೈಡ್ರೋಮೀಟರಿನಿಂದ ಅಳೆಯತಕ್ಕದ್ದು.

ತೂಕದಲ್ಲಿ ಶೇಕಡ 60 ಭಾಗ ಯಾವ ಗಾತ್ರಕ್ಕಿಂತ ಸಣ್ಣದೋ ಆ ಗಾತ್ರವನ್ನು, ಶೇಕಡ 10 ಭಾಗ ಯಾವುದಕ್ಕಿಂತ ಸಣ್ಣದೋ ಅದರಿಂದ ಭಾಗಿಸಿದರೆ ಬರುವುದೇ ಏಕರೂಪತಾ ಗುಣಾಂಕ. ಒಂದು ಮರಳಿನಲ್ಲಿ ಅವು 0.6 ಮತ್ತು 0.3 ಮಿಲಿಮೀಟರ್ ಆಗಿರಲಿ, ಗುಣಾಂಕ 2. ಇನ್ನೊಂದರಲ್ಲಿ 1.2 ಮತ್ತು 0.15, ಗುಣಾಂಕ 8.

ಈ ಎರಡನೆಯದರಲ್ಲಿ ದಪ್ಪ ಕಣಗಳ ಎಡೆಯನ್ನು ನಡುಗಾತ್ರದವೂ, ಅವುಗಳ ಎಡೆಯನ್ನು ಸಣ್ಣವೂ ತುಂಬುವುದರಿಂದ, ಕಂಪಿಸುವ ರೋಲರಿನಡಿಯಲ್ಲಿ ಅದು ಹೆಚ್ಚು ಸಾಂದ್ರವಾಗಿ ಅಡಕವಾಗುತ್ತದೆ. ಏರಿ ಕಟ್ಟಲು ನಾನು ಆರಿಸುವುದು ಇದನ್ನೇ. ತಡೆಗೋಡೆಯ ಹಿಂದೆ ನೀರು ಬಸಿಯಲು ಮಾತ್ರ ಮೊದಲನೆಯದೇ ಲೇಸು.

ಆದರೆ ಬಸಿಯುವ ವೇಗವನ್ನು ಆಳುವುದು ಗುಣಾಂಕಕ್ಕಿಂತ ಮಿಗಿಲಾಗಿ ಆ ಶೇಕಡ 10ರ ಗಾತ್ರವೆಂಬುದನ್ನು ಮರೆಯಲಾಗದು. ಹೇಜನ್ನನ ಸೂತ್ರದಲ್ಲಿ ಪಾರಗಮ್ಯತೆ ಅದರ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಮೊದಲ ಮರಳಿನಲ್ಲಿ ನೀರು ಸುಮಾರು ನಾಲ್ಕು ಪಟ್ಟು ಸಲೀಸಾಗಿ ಹರಿಯುತ್ತದೆ. ಸೂತ್ರವು ಏಕರೂಪದ ಮರಳಿಗಾಗಿ ರಚಿತವಾದುದರಿಂದ ಎರಡನೆಯದಕ್ಕೆ ಇದು ಸ್ಥೂಲ ಅಂದಾಜು ಮಾತ್ರ.

ಇನ್ನೊಂದು ಎಚ್ಚರ: ನಡುಗಾತ್ರದ ಕಣಗಳೇ ಇಲ್ಲದ ಮರಳಿಗೂ ಗುಣಾಂಕ 8 ಬರಬಹುದು. ಅಂಥಲ್ಲಿ ರೇಖೆಯ ನಡುಭಾಗ ಸಮತಟ್ಟಾಗಿ ಕಾಣುತ್ತದೆ. ಒಸರುವ ನೀರು ಸಣ್ಣ ಕಣಗಳನ್ನು ದಪ್ಪ ಕಣಗಳ ನಡುವಿನಿಂದ ಸೆಳೆದೊಯ್ಯುವ ಅಪಾಯವಿರುತ್ತದೆ.