26 ದಿನದ ಹೊಸ್ತಿಲು

ಮಳೆಯಲ್ಲಿ ತೊಯ್ದ ಹುಡುಗನೊಬ್ಬ ಊರಿಗೆ ಬರುತ್ತಾನೆ. ಅಂಗಳ ಹಾಯ್ದು, ಜಗಲಿ ಹತ್ತಿ, ಬಾಗಿಲು ತಳ್ಳಿ ಒಳಗೆ ಕಾಲಿಡುತ್ತಾನೆ. ಅಮ್ಮ ಕಾಫಿ ಕೊಡುತ್ತಾಳೆ. ಪರದೆಯ ಮೇಲೆ ಬಾಗಿಲು ದಾಟುವುದಕ್ಕೆ ಒಂದು ಸೆಕೆಂಡೂ ಬೇಡ. ಆದರೆ ಅಂಗಳದ ಭಾಗವನ್ನು ಸಕಲೇಶಪುರದ ಹಳೆಯ ಮನೆಯೊಂದರ ಮುಂದೆ ತೆಗೆದಿದ್ದಾರೆ, ಒಳಮನೆಯ ಭಾಗವನ್ನು ಬೆಂಗಳೂರಿನಲ್ಲಿ ಹಾಕಿದ ಸೆಟ್‌ನಲ್ಲಿ. ನಡುವೆ 26 ದಿನ ಕಳೆದಿವೆ. ಹುಡುಗ ಹೊಸ್ತಿಲಲ್ಲಿ ಕಾಲೆತ್ತಿದ್ದು ಒಂದು ಊರಿನಲ್ಲಿ, ಊರಿದ್ದು ಇನ್ನೊಂದರಲ್ಲಿ.

ಇದು ವಿವರಿಸಲೆಂದು ನಾನು ಕಟ್ಟಿಕೊಂಡ ದೃಶ್ಯ. ಆದರೆ ಸಿನಿಮಾಗಳು ತಯಾರಾಗುವುದು ಹೀಗೆಯೇ. ಒಂದು ಜಾಗಕ್ಕೆ ಹೋದಾಗ ಅಲ್ಲಿಯ ದೃಶ್ಯಗಳನ್ನೆಲ್ಲ ಮುಗಿಸಿಕೊಂಡು ಬರುತ್ತಾರೆ. ಕಲಾವಿದರ ಡೇಟ್ಸ್ ನೋಡಿಕೊಂಡು ಉಳಿದದ್ದನ್ನು ಹೊಂದಿಸುತ್ತಾರೆ. ಕತೆಯ ಕೊನೆ ಮೊದಲ ವಾರದಲ್ಲೇ ಮುಗಿದಿರಬಹುದು. ಹೀಗೆ ಚೂರುಚೂರಾದದ್ದು ಮತ್ತೆ ಒಂದಾಗಲು ಒಬ್ಬರು ಎಲ್ಲವನ್ನೂ ಬರೆದಿಡಬೇಕು. ಹಾಲಿವುಡ್‌ನಲ್ಲಿ ಇದಕ್ಕೆ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಪ್ರತ್ಯೇಕ ಹುದ್ದೆಯಿದೆ. ನಮ್ಮಲ್ಲಿ ಇದು ಸಾಮಾನ್ಯವಾಗಿ ಸಹಾಯಕ ನಿರ್ದೇಶಕರೊಬ್ಬರ ಪಾಲಿನ ಕೆಲಸ. ಅವರ ಕೈಲಿರುವುದೇ ಕಂಟಿನ್ಯುಟಿ ಶೀಟ್.

ಕ್ಯಾಮೆರಾ ಓಡುವುದಕ್ಕೆ ಮೊದಲೇ ಈ ಶೀಟ್ ಶುರುವಾಗುತ್ತದೆ. ಚಿತ್ರಕತೆಯನ್ನು ಓದಿ, ಪ್ರತಿ ದೃಶ್ಯಕ್ಕೂ ಕತೆಯೊಳಗಿನ ದಿನ ಯಾವುದೆಂದು ಗುರುತು ಹಾಕುತ್ತಾರೆ: ದಿನ 1 ಬೆಳಗ್ಗೆ, ದಿನ 1 ರಾತ್ರಿ, ದಿನ 3 ಸಂಜೆ. ಶೂಟಿಂಗ್‌ನ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಹುಡುಗನಿಗೆ ಕತೆಯ ಮೊದಲ ದಿನ ಹಣೆಗೆ ಪೆಟ್ಟಾಗಿದೆ, ಊರಿಗೆ ಬರುವುದು ಮೂರನೆಯ ದಿನ ಎಂದುಕೊಳ್ಳಿ. ಹಾಗಿದ್ದರೆ ಅಂಗಳದಲ್ಲೂ ಒಳಮನೆಯಲ್ಲೂ ಅವನ ಹಣೆಯ ಮೇಲೆ ಎರಡು ದಿನ ಹಳೆಯದಾದ ಗಾಯವೇ ಇರಬೇಕು. ಪೆಟ್ಟು ಬೀಳುವ ದೃಶ್ಯವನ್ನು ಇನ್ನೂ ತೆಗೆದೇ ಇಲ್ಲದಿರಬಹುದು. ಆಗಲೂ ಗಾಯ ಯಾವ ಕಡೆ, ಎಷ್ಟುದ್ದ ಎಂಬುದು ಮೇಕಪ್‌ನವರಿಗೆ ಇವತ್ತೇ ಗೊತ್ತಾಗಬೇಕು.

ಇನ್ನು ಅಂಗಳದ ಶಾಟ್. ಆರು ಟೇಕ್ ಆಗಿ, ನಿರ್ದೇಶಕರು ಐದನೆಯದನ್ನು ಓಕೆ ಮಾಡಿದರು. ಶೀಟ್‌ನಲ್ಲಿ ಹೀಗೆ ಬರೆದಿದೆ: “ಶರ್ಟ್ ತಿಳಿನೀಲಿ, ಮೇಲಿನ ಒಂದು ಗುಂಡಿ ತೆರೆದಿದೆ. ಎಡತೋಳು ಎರಡು ಮಡಿಕೆ, ಬಲತೋಳು ಬಿಟ್ಟಿದೆ. ಎಡಭುಜ ಪೂರ್ತಿ ಒದ್ದೆ, ಬಲಭುಜ ಒಣಗಿದೆ. ಪ್ಯಾಂಟಿಗೆ ಕೆಸರು ಹರಡಿನ ಮೇಲೆ ನಾಲ್ಕು ಬೆರಳು. ಬ್ಯಾಗ್ ಬಲಭುಜದಲ್ಲಿ. ಕೊಡೆ ಮಡಿಚಿ ಬಲಗೈಯಲ್ಲಿ. ಎಡಗೈಯಿಂದ ಬಾಗಿಲು ತಳ್ಳಿದ. ಬಲಗಾಲು ಮೊದಲು.” ಶಾಟ್ ಮುಗಿದಾಗ ಏನು ಹೇಗಿತ್ತೋ, ಒಳಮನೆಯ ಶಾಟ್ ಅಲ್ಲಿಂದಲೇ ಶುರುವಾಗಬೇಕು. “ನೀಲಿ ಶರ್ಟ್, ಬ್ಯಾಗ್, ಕೊಡೆ” ಎಂದಷ್ಟೇ ಬರೆದಿದ್ದರೆ ಅದು ಸಾಮಾನಿನ ಚೀಟಿಯಾಗುತ್ತಿತ್ತು.

ಇಲ್ಲಿ ಎಡ, ಬಲ ಎಂದರೆ ಯಾರ ಎಡಬಲ? ಉಡುಪು ಮತ್ತು ಕೈಕಾಲಿನ ವಿಷಯದಲ್ಲಿ ನಟನ ಎಡಬಲವನ್ನೇ ಬರೆಯುವುದು ಒಳ್ಳೆಯದು. ಕ್ಯಾಮೆರಾ ಎದುರು ಬದಿಗೆ ಹೋದರೆ ಪರದೆಯ ಎಡಬಲ ಅದಲುಬದಲಾಗುತ್ತದೆ, ನಟನದು ಆಗುವುದಿಲ್ಲ. ಮೊಬೈಲ್ ಫೋಟೋಗಳಲ್ಲೂ ಒಂದು ಮೋಸ ಅಡಗಿದೆ. ಕೆಲವು ಫೋನ್‌ಗಳ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಉಳಿಸುತ್ತದೆ. ಮೇಕಪ್ ಕುರ್ಚಿಯಲ್ಲಿ ನಟನೇ ತೆಗೆದುಕೊಂಡ ಅಂಥ ಫೋಟೋ ನಂಬಿದರೆ ಹಣೆಯ ಗಾಯ ಬಲಕ್ಕೆ ಹಾರುತ್ತದೆ. ಅದಕ್ಕೇ ಓಕೆ ಟೇಕ್ ಆದ ತಕ್ಷಣ, ನಟ ಅಲುಗುವ ಮೊದಲು, ಹಿಂಬದಿಯ ಕ್ಯಾಮೆರಾದಲ್ಲಿ ಎದುರು, ಹಿಂದೆ, ಎರಡೂ ಪಕ್ಕ, ಕೈಗಳು ಎಂದು ಫೋಟೋ ತೆಗೆಯುತ್ತಾರೆ. ಸೀನ್ ನಂಬರ್ ಇರುವ ಕ್ಲ್ಯಾಪ್ ಬೋರ್ಡ್ ಅದರಲ್ಲಿ ಕಾಣಬೇಕು. ಎರಡನೆಯ ಟೇಕ್‌ನ ಫೋಟೋ ಇಟ್ಟುಕೊಂಡು ಸುಮ್ಮನಾದರೆ ಕೆಟ್ಟಿತು. ಐದನೆಯದರಲ್ಲಿ ನಟ ಬ್ಯಾಗನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಿರಬಹುದು.

ಬರೆದಿಟ್ಟರೂ ಬಟ್ಟೆಯೇ ಕೈಕೊಡುವುದುಂಟು. ಕಾಸ್ಟ್ಯೂಮ್ ವಿಭಾಗದವರು ಒಳ್ಳೆಯ ಮನಸ್ಸಿನಿಂದಲೇ ಆ ಕೆಸರಿನ ಪ್ಯಾಂಟನ್ನು ಒಗೆದು ಇಸ್ತ್ರಿ ಮಾಡಿ ಇಟ್ಟುಬಿಡಬಹುದು. ಹಾಗಾಗಿ ಶೀಟ್‌ನ ಒಂದು ಸಾಲು ಬಟ್ಟೆಯ ಜೊತೆಗೇ ಹೋಗಬೇಕು: ಸೀನ್ ನಂಬರ್, ಕತೆಯ ದಿನ, ಕೆಳಗೆ ದಪ್ಪಕ್ಷರದಲ್ಲಿ “ಒಗೆಯಬೇಡಿ”. ಮಳೆ ದೃಶ್ಯವಿದ್ದರೆ ಅದೇ ಶರ್ಟ್‌ನ ಮೂರು ನಾಲ್ಕು ಜೊತೆ ಬೇಕು. ಪ್ರತಿ ಟೇಕ್‌ಗೂ ಒಣಗಿದ ಶರ್ಟ್‌ನಿಂದಲೇ ಶುರುಮಾಡಿ, ಬೇಕಾದಷ್ಟೇ ತೋಯಿಸಬೇಕಲ್ಲ.

ಈಗ ಒಳಮನೆ. ಅಮ್ಮ ಗಾಜಿನ ಲೋಟದಲ್ಲಿ ಕಾಫಿ ಕೊಟ್ಟು, “ಫೋನಾದ್ರೂ ಮಾಡಬಾರದಿತ್ತೇನೋ?” ಎನ್ನುತ್ತಾಳೆ. ಮಗ, “ಸಿಗ್ನಲ್ಲೇ ಇರಲಿಲ್ಲಮ್ಮ” ಎನ್ನುತ್ತಾನೆ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಅಮ್ಮನ ಕ್ಲೋಸಪ್, ಲೈಟ್ ಬದಲಿಸಿ ಎರಡು ಗಂಟೆಯ ನಂತರ ಮಗನದು. ಇಲ್ಲಿ ಶೀಟ್ ಕೈಚಲನೆಯನ್ನು ಮಾತಿಗೆ ಕಟ್ಟುತ್ತದೆ: “‘ಸಿಗ್ನಲ್ಲೇ’ಗೆ ಮೊದಲು ಎಡಗೈಯಲ್ಲಿ ಲೋಟ ಎತ್ತಿದ. ‘ಇರಲಿಲ್ಲಮ್ಮ’ ಆದ ಮೇಲೆ ಒಂದು ಗುಟುಕು. ಲೋಟ ಮುಕ್ಕಾಲು.” ಕ್ಲೋಸಪ್‌ನಲ್ಲಿ ಅವನು ಮಾತಿಗೆ ಮೊದಲೇ ಕುಡಿದುಬಿಟ್ಟರೆ, ಆ ಮಾತಿನ ನಡುವೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಕತ್ತರಿಸಲು ಸಂಕಲನಕಾರರಿಗೆ ಕಷ್ಟ.

ಪ್ರೇಕ್ಷಕ ಇದನ್ನೆಲ್ಲ ನೋಡುತ್ತಾನೆಯೇ? ಬಹುಪಾಲು ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಬ್ಬರು ಹೆಂಗಸರು ಮಾತಾಡುವ ಪುಟ್ಟ ಚಿತ್ರವೊಂದರಲ್ಲಿ ಬೇಕೆಂದೇ ಒಂಬತ್ತು ಬದಲಾವಣೆ ಮಾಡಿದ್ದರು. ನೋಡಿದ ಹತ್ತು ಜನರಲ್ಲಿ ಏನೋ ಬದಲಾಯಿತು ಎಂದವರು ಒಬ್ಬರೇ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ ಹಣ ಮುಗಿದು ಶೂಟಿಂಗ್ ತಿಂಗಳುಗಟ್ಟಲೆ ನಿಂತಾಗ, ನಾಯಿಯ ಪಾತ್ರ ಮಾಡುತ್ತಿದ್ದ ಭೂಲೋ ಸತ್ತುಹೋಯಿತು. ಹೋಲುವ ಇನ್ನೊಂದು ನಾಯಿಯನ್ನು ತಂದು ದೃಶ್ಯ ಮುಗಿಸಿದರು. ಮಿಠಾಯಿ ಮಾರುವವನ ಪಾತ್ರಧಾರಿಯೂ ತೀರಿಕೊಂಡಿದ್ದರು. ಅವರಂತೆಯೇ ದಪ್ಪಗಿದ್ದ ಇನ್ನೊಬ್ಬರನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿಸಿ ನಡೆಸಿದರು. ಚಿತ್ರ ನೋಡುವಾಗ ಇದು ಯಾರಿಗೂ ಅಡ್ಡಬರುವುದಿಲ್ಲ.

ಸಂಕಲನಕಾರರಿಗೂ ಇದು ಗೊತ್ತು. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್, ಒಳ್ಳೆಯ ಕಟ್‌ಗೆ ಬೇಕಾದ ಆರು ಗುಣಗಳಿಗೆ ಅಂಕ ಹಂಚಿದ್ದಾರೆ. ಭಾವನೆಗೆ 51, ಕತೆಗೆ 23. ಯಾರು ಎಲ್ಲಿ ನಿಂತಿದ್ದರು ಎಂಬ ಜಾಗದ ಹೊಂದಾಣಿಕೆಗೆ ಕೊನೆಯ ಸ್ಥಾನ, ಕೇವಲ 4. ನಟನೆ ಚೆನ್ನಾಗಿದ್ದರೆ ಲೋಟ ಅರ್ಧವಿದ್ದರೇನು, ಮುಕ್ಕಾಲಿದ್ದರೇನು ಎಂದು ಅವರು ಕತ್ತರಿಸಿಬಿಡುತ್ತಾರೆ.

ಹಾಗಿದ್ದರೆ ಶೀಟ್ ಯಾಕೆ? ಯಾವ ಟೇಕ್‌ನ ಯಾವ ಕ್ಷಣ ಸಂಕಲನದಲ್ಲಿ ಬೇಕಾಗುತ್ತದೆಂದು ಸೆಟ್‌ನಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಅಮ್ಮನ ಕಣ್ಣು ತುಂಬಿದ ಒಂದೇ ಒಂದು ಟೇಕ್‌ನಲ್ಲಿ, ಫ್ರೇಮಿನ ಅಂಚಿನಲ್ಲಿ ಮಗನ ಲೋಟ ತಪ್ಪು ಕೈಯಲ್ಲಿದ್ದರೆ, ಸಂಕಲನಕಾರರು ಒಂದೋ ಆ ತಪ್ಪನ್ನು ನುಂಗಬೇಕು, ಇಲ್ಲವೇ ಆ ಕಣ್ಣೀರನ್ನು ಬಿಡಬೇಕು. ಅವರನ್ನು ಈ ಇಕ್ಕಟ್ಟಿಗೆ ಸಿಕ್ಕಿಸದಿರುವುದಕ್ಕೇ ಶೀಟ್ ಇರುವುದು.

ಮೊಬೈಲ್‌ನಲ್ಲೇ ಕಿರುಚಿತ್ರ ಮಾಡುವವರು ಈಗ ಊರೂರಿನಲ್ಲಿದ್ದಾರೆ. ಎಲ್ಲವನ್ನೂ ಬರೆಯಲು ನಿಮಗೆ ಆಳಿಲ್ಲದಿದ್ದರೆ, ಓಕೆಯಾದ ಪ್ರತಿ ಟೇಕ್‌ಗೂ ಮೂರೇ ವಿಷಯ ಬರೆದಿಡಿ: ಯಾವ ಕೈ, ಯಾವ ಮಾತಿಗೆ, ಕೊನೆಗೆ ಏನು ಹೇಗಿತ್ತು. ಉಳಿದದ್ದಕ್ಕೆ ಫೋಟೋ ಸಾಕು.