ಒಂದೇ ರಾತ್ರಿ, ಮೂರು ಪೆಟ್ಟು

ಕಾನೂನು ಕಾಲೇಜಿನ ಪ್ರಶ್ನೆಪತ್ರಿಕೆಯಲ್ಲಿ ಬರಬಹುದಾದ ಒಂದು ಕಲ್ಪಿತ ಪ್ರಸಂಗ. ಅಡಕೆ ಸುಗ್ಗಿಯ ಕಾಲ, ಮಲೆನಾಡಿನ ಒಂಟಿ ಮನೆ. ಒಣಗಿದ ಅಡಕೆಯ ಚೀಲಗಳು ಅಂಗಳದ ಬದಿಯಲ್ಲಿವೆ. ನಡುರಾತ್ರಿ ನಾಯಿ ಬೊಗಳಿ ಯಜಮಾನ ಹೊರಗೆ ಬಂದರೆ, ಒಬ್ಬ ಚೀಲ ಹೊರಲು ಬಗ್ಗಿದ್ದಾನೆ. ‘ಯಾರೋ ಅದು, ಇಡೋ ಕೆಳಗೆ’ ಎಂದು ಕೂಗಿದರೂ ಅವನು ಬಿಡುವುದಿಲ್ಲ. ಯಜಮಾನ ದೊಣ್ಣೆಯಿಂದ ಹೊಡೆಯುತ್ತಾನೆ, ಕಳ್ಳನ ಮುಂಗೈ ಮೂಳೆ ಮುರಿಯುತ್ತದೆ. ಕಳ್ಳ ಇನ್ನೊಂದು ಕೈಯಿಂದ ಸೊಂಟದ ಕತ್ತಿ ಹಿರಿದು ಎತ್ತುತ್ತಾನೆ. ಯಜಮಾನನ ಎರಡನೆಯ ಪೆಟ್ಟು ತಲೆಗೆ ಬಿದ್ದು ಬುರುಡೆ ಬಿರುಕು ಬಿಡುತ್ತದೆ. ಕತ್ತಿಯನ್ನೂ ಚೀಲವನ್ನೂ ಅಲ್ಲೇ ಬಿಟ್ಟು ಕಳ್ಳ ಓಡುತ್ತಾನೆ. ಯಜಮಾನ ತೋಟದವರೆಗೆ ಅಟ್ಟಿಸಿಕೊಂಡು ಹೋಗಿ ಮೂರನೆಯ ಪೆಟ್ಟು ಕೊಡುತ್ತಾನೆ. ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ.

ಮೂರೂ ತೀವ್ರ ಗಾಯಗಳೇ. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಂ ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದನ್ನು, ಮುಖ ವಿಕಾರವಾಗುವುದನ್ನು, ಮೂಳೆ ಅಥವಾ ಹಲ್ಲು ಮುರಿಯುವುದನ್ನು, ಹದಿನೈದು ದಿನ ಕಠಿಣ ನೋವಿನಲ್ಲಿ ನರಳಿಸುವುದನ್ನು ಈ ಪಟ್ಟಿಯಲ್ಲಿ ಇಟ್ಟಿದೆ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ ಇಪ್ಪತ್ತು ದಿನ ಇತ್ತು. ಬೇಕೆಂದೇ ತೀವ್ರ ಗಾಯ ಮಾಡಿದವನಿಗೆ 117ನೆಯ ಕಲಮಿನ ಪ್ರಕಾರ ಏಳು ವರ್ಷದವರೆಗೆ ಸಜೆ ಮತ್ತು ದಂಡ. ಹಾಗಾದರೆ ಯಜಮಾನ ಮೂರು ಅಪರಾಧ ಮಾಡಿದನೇ? ಇಲ್ಲ, ಒಂದೇ. ಯಾವುದು ಅದು, ಉಳಿದೆರಡು ಯಾಕಲ್ಲ ಎಂಬುದನ್ನು ಖಾಸಗಿ ರಕ್ಷಣೆಯ ಹಕ್ಕು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯಲ್ಲಿ ಇದು 34ರಿಂದ 44ರವರೆಗಿನ ಕಲಂಗಳಲ್ಲಿದೆ.

ಮೊದಲ ಪೆಟ್ಟಿನ ವಿಷಯದಲ್ಲಿ ಜನರ ಊಹೆ ತಪ್ಪುವುದೇ ಹೆಚ್ಚು. ಬರೀ ಮಾಲಿಗಾಗಿ ಮೂಳೆ ಮುರಿಯಬಹುದೇ ಎಂದು ಕೇಳುತ್ತಾರೆ. ಕಾನೂನು ನಮ್ಮ ಮೈಯನ್ನಷ್ಟೇ ಅಲ್ಲ, ಆಸ್ತಿಯನ್ನೂ ಕಾಯಲು ಬಿಡುತ್ತದೆ, ಬೇರೆಯವರ ಮೈ ಮತ್ತು ಆಸ್ತಿಯನ್ನೂ ಕೂಡ. ಸಾಧಾರಣ ಕಳ್ಳತನ ತಡೆಯುವಾಗ ಪ್ರಾಣ ತೆಗೆಯುವುದೊಂದನ್ನು ಬಿಟ್ಟು ಬೇರೆ ಹಾನಿ ಮಾಡಬಹುದು ಎನ್ನುತ್ತದೆ 42ನೆಯ ಕಲಂ. ಮೂಳೆ ಮುರಿತ ಅದರೊಳಗೆ ಬರುತ್ತದೆ. ಆದರೆ ಅದರ ಮೇಲೆ 37ನೆಯ ಕಲಮಿನ ಲಗಾಮು ಇದೆ: ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಯಜಮಾನ ಮೊದಲು ಕೂಗಿದ, ಕಳ್ಳ ಬಿಡಲಿಲ್ಲ, ಚೀಲ ಹಿಡಿದ ಕೈಗೆ ಏಟು ಬಿತ್ತು. ಇದು ನಿಲ್ಲುತ್ತದೆ. ಕೂಗಿದೊಡನೆ ಕಳ್ಳ ಚೀಲ ಬಿಟ್ಟು ಕೈಮುಗಿದಿದ್ದರೆ ಅದೇ ಏಟು ನಿಲ್ಲುತ್ತಿರಲಿಲ್ಲ.

ಚೀಲಗಳು ಅಂಗಳದಲ್ಲಿರದೆ ಬೀಗ ಹಾಕಿದ ಉಗ್ರಾಣದಲ್ಲಿದ್ದು, ಕಳ್ಳ ರಾತ್ರಿ ಬೀಗ ಒಡೆದು ನುಗ್ಗಿದ್ದರೆ ಲೆಕ್ಕವೇ ಬೇರೆ. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಕನ್ನ ಹಾಕುವುದು, ಸುಲಿಗೆ, ವಾಸದ ಮನೆಗೋ ಸರಕಿನ ಕಟ್ಟಡಕ್ಕೋ ಬೆಂಕಿ ಇಡುವುದು, ಇವುಗಳ ಎದುರು ಅನಿವಾರ್ಯವಾದರೆ ಪ್ರಾಣ ತೆಗೆಯುವವರೆಗೂ ಹಕ್ಕು ಹೋಗುತ್ತದೆ. ಅಂಗಳಕ್ಕೂ ಬೀಗದ ಬಾಗಿಲಿಗೂ ಕಾನೂನು ಇಷ್ಟು ಅಂತರ ಇಟ್ಟಿರುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಕತ್ತಲಲ್ಲಿ ಬಾಗಿಲು ಮುರಿದು ಬಂದವನು ಮಾಲಿಗೆ ಬಂದನೋ ಜೀವಕ್ಕೆ ಬಂದನೋ ಒಳಗಿರುವವನಿಗೆ ತಿಳಿಯುವುದು ಹೇಗೆ?

ಕತ್ತಿ ಮೇಲೆದ್ದ ಕ್ಷಣದಲ್ಲಿ ವಿಷಯ ಅಡಕೆಯಿಂದ ಜೀವಕ್ಕೆ ದಾಟಿತು. ಸಾವು ಅಥವಾ ತೀವ್ರ ಗಾಯ ಆಗಿಯೇ ತೀರುತ್ತದೆ ಎಂಬ ಸಕಾರಣ ಭಯ ಇದ್ದರೆ 38ನೆಯ ಕಲಮಿನ ಪ್ರಕಾರ ಎದುರಾಳಿಯ ಪ್ರಾಣ ಹೋದರೂ ಅಪರಾಧವಲ್ಲ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಕೂಡ ಇದೇ ಪಟ್ಟಿಯಲ್ಲಿವೆ. ಮೊದಲು ಕತ್ತಿ ಬೀಸಲಿ, ಗಾಯವಾಗಲಿ, ಆಮೇಲೆ ಹೊಡೆಯೋಣ ಎಂದು ಕಾಯಬೇಕಿಲ್ಲ. ಕತ್ತಿಗೆ ಕತ್ತಿ, ದೊಣ್ಣೆಗೆ ದೊಣ್ಣೆ ಎಂದು ಅಳೆಯಬೇಕಾಗಿಯೂ ಇಲ್ಲ. ಉತ್ತರ ಪ್ರದೇಶದ ದೇವ್ ನಾರಾಯಣ್ ಪ್ರಕರಣದಲ್ಲಿ ತಲೆಗೆ ಲಾಠಿ ಏಟು ತಿಂದ ಆರೋಪಿ ಭರ್ಜಿಯಿಂದ ಇರಿದಿದ್ದ. ಲಾಠಿಯ ಎದುರು ಭರ್ಜಿ ಅತಿಯಾಯಿತು ಎಂದಿತು ಹೈಕೋರ್ಟ್. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಲೆಗೆ ಬಿದ್ದ ಲಾಠಿಯೂ ಜೀವ ತೆಗೆಯಬಲ್ಲದು, ಆ ಗಳಿಗೆಯಲ್ಲಿ ಸಿಕ್ಕಿಕೊಂಡವನ ಏಟನ್ನು ಚಿನ್ನ ತೂಗುವಂತೆ ತೂಗಲಾಗದು ಎಂದು 1973ರ ಸುಮಾರಿಗೆ ಅವನನ್ನು ಬಿಟ್ಟಿತು. ನಮ್ಮ ಯಜಮಾನನ ಎರಡನೆಯ ಪೆಟ್ಟಿಗೂ ಇದೇ ಉತ್ತರ. ಠಾಣೆಗೆ ಫೋನ್ ಮಾಡಬಹುದಿತ್ತಲ್ಲ ಎಂಬ ಆಕ್ಷೇಪ ಬರಬಹುದು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ ಎಂಬುದು ನಿಜ. ಆದರೆ ಎತ್ತಿದ ಕತ್ತಿಯ ಎದುರು ಅಂಥ ಸಮಯ ಯಾರಿಗೂ ಇರುವುದಿಲ್ಲ. ‘ನಾಳೆ ಬಂದು ನೋಡಿಕೊಳ್ಳುತ್ತೇನೆ’ ಎಂದು ಬೆದರಿಸಿ ಹೋದವನ ಮನೆಗೆ ಇವತ್ತೇ ದೊಣ್ಣೆ ಹಿಡಿದು ಹೋಗುವವನಿಗೆ ಮಾತ್ರ ಆ ಮಾತು ತಾಗುತ್ತದೆ.

ಎಡವಟ್ಟು ಮೂರನೆಯದರಲ್ಲಿ. ಮೈಯ ರಕ್ಷಣೆಯ ಹಕ್ಕು ಅಪಾಯದ ಭಯ ಇರುವ ತನಕ ಮಾತ್ರ. ಕತ್ತಿ ನೆಲಕ್ಕೆ ಬಿತ್ತು, ಕಳ್ಳ ಬೆನ್ನು ತೋರಿಸಿದ, ಅಲ್ಲಿಗೆ ಅದು ಮುಗಿಯಿತು. ಆಸ್ತಿಯ ಹಕ್ಕು ಸ್ವಲ್ಪ ಮುಂದಕ್ಕೆ ಹೋಗುತ್ತದೆ: ಕಳ್ಳ ಮಾಲಿನ ಸಮೇತ ತಪ್ಪಿಸಿಕೊಳ್ಳುವವರೆಗೆ, ಅಥವಾ ಪೊಲೀಸರ ನೆರವು ಸಿಗುವವರೆಗೆ, ಅಥವಾ ಮಾಲು ವಾಪಸ್ ಸಿಗುವವರೆಗೆ. ಚೀಲ ಹೊತ್ತುಕೊಂಡೇ ಓಡಿದ್ದರೆ ಅಟ್ಟಿಸಿಕೊಂಡು ಹೋಗಿ ಕಾಲಿಗೆ ಹೊಡೆದದ್ದನ್ನು ಸಮರ್ಥಿಸಿಕೊಳ್ಳುವ ಹಾದಿ ಇತ್ತು. ಚೀಲ ಅಂಗಳದಲ್ಲೇ ಉಳಿದಿದೆ. ತೋಟದಲ್ಲಿ ಬಿದ್ದ ಪೆಟ್ಟು ಸಿಟ್ಟಿನದು, ರಕ್ಷಣೆಯದಲ್ಲ. ಅದಕ್ಕೆ 117ನೆಯ ಕಲಂ. ದೊಣ್ಣೆಯ ಬದಲು ಕತ್ತಿಯಿಂದ ಕಡಿದಿದ್ದರೆ 118, ಅಲ್ಲಿ ಕನಿಷ್ಠ ಒಂದು ವರ್ಷ ಸಜೆ, ಗರಿಷ್ಠ ಜೀವಾವಧಿ. ಹಿಡಿದ ಕಳ್ಳನನ್ನು ಕಂಬಕ್ಕೆ ಕಟ್ಟಿ ಊರವರೆಲ್ಲ ಬಾರಿಸುವುದಂತೂ ಹಕ್ಕಿನ ಹತ್ತಿರಕ್ಕೂ ಬರುವುದಿಲ್ಲ. ಕಣ್ಣೆದುರು ಸಂಜ್ಞೇಯ ಮತ್ತು ಜಾಮೀನುರಹಿತ ಅಪರಾಧ ಮಾಡಿದವನನ್ನು ಯಾರಾದರೂ ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಕೆಲವರು ದೊಣ್ಣೆಯ ಗೋಜೇ ಬೇಡವೆಂದು ಬೇಲಿಗೆ ಕರೆಂಟು ಬಿಡುತ್ತಾರೆ. ಬಿಹಾರದ ಚೆರುಬಿನ್ ಗ್ರೆಗರಿ ತನ್ನ ಕಕ್ಕಸಿಗೆ ಹೋಗುವ ದಾರಿಗೆ ಅಡ್ಡಲಾಗಿ ಕರೆಂಟು ಹರಿಯುವ ಬರಿ ತಾಮ್ರದ ತಂತಿ ಕಟ್ಟಿದ್ದ. ಅದನ್ನು ಬಳಸಲು ಬಂದ ಮಹಿಳೆ ತಾಗಿ ಸತ್ತಳು. ನನ್ನ ಆಸ್ತಿ ಕಾಯುತ್ತಿದ್ದೆ ಎಂಬ ಅವನ ವಾದವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅತಿಕ್ರಮವಾಗಿ ಕಾಲಿಟ್ಟವರಿಗೆ ಸಾವು ತರುವ ಬಲೆ ಹರಡುವ ಹಕ್ಕು ಯಾರಿಗೂ ಇಲ್ಲ.

ಇಷ್ಟೆಲ್ಲ ಕೋರ್ಟಿನಲ್ಲಿ ಸಾಬೀತಾಗುವುದು ಹೇಗೆ? ರಕ್ಷಣೆಗಾಗಿ ಹೊಡೆದೆ ಎಂದು ತೋರಿಸುವ ಹೊಣೆ ಆರೋಪಿಯದೇ. ಆದರೆ ಪ್ರಾಸಿಕ್ಯೂಷನ್ನಿನಂತೆ ಅನುಮಾನಕ್ಕೆ ಎಡೆಯಿಲ್ಲದಷ್ಟು ತೋರಿಸಬೇಕಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಅವನು ಬಾಯಿಬಿಟ್ಟು ಈ ವಾದ ಹೂಡದಿದ್ದರೂ ದಾಖಲೆಯಲ್ಲಿ ಕಂಡರೆ ನ್ಯಾಯಾಲಯ ಪರಿಗಣಿಸಬಹುದು ಎಂದು 1967ರ ಮುನ್ಷಿ ರಾಮ್ ತೀರ್ಪು ಹೇಳಿದೆ. ಹಾಗಾಗಿ ಯಜಮಾನನ ಕೈಗೆ ತರಚಿದ ಗಾಯವಿದ್ದರೂ ಆ ರಾತ್ರಿಯೇ ಸರ್ಕಾರಿ ಆಸ್ಪತ್ರೆಯಲ್ಲಿ ಬರೆಸಿಕೊಂಡಿರಬೇಕು. ಕತ್ತಿ ಬಿದ್ದಲ್ಲೇ ಇರಬೇಕು, ಮಹಜರಿನಲ್ಲಿ ಅದು ಅಂಗಳದಲ್ಲಿ ಸಿಕ್ಕಿತೆಂದು ದಾಖಲಾಗಬೇಕು. ಎರಡನೆಯ ಪೆಟ್ಟನ್ನು ಉಳಿಸುವುದು ಆ ಕತ್ತಿ. ಚೀಲವೂ ಅದರ ಪಕ್ಕದಲ್ಲೇ ಸಿಗುತ್ತದೆ, ರಕ್ತದ ಕಲೆ ಮಾತ್ರ ತೋಟದವರೆಗೆ ಹೋಗಿರುತ್ತದೆ. ಮೂರನೆಯ ಪೆಟ್ಟಿಗೆ ಪ್ರಾಸಿಕ್ಯೂಷನ್ ಎತ್ತಿ ತೋರಿಸುವುದೂ ಅದೇ ಮಹಜರನ್ನೇ.