ಖಾಲಿ ರೂಮಿನ ಖರ್ಚು ಯಾರ ತಲೆಗೆ?

ಪೇಟೆಯಲ್ಲಿ ಅಂಗಡಿಗೆ ರೂಮು ನೋಡಲು ಹೋದರೆ ನಾವು ಕೇಳುವುದು ಎರಡೇ ಪ್ರಶ್ನೆ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು? ಅದರ ಮೇಲೆ ಗಂಟೆಗಟ್ಟಲೆ ಮಾತಾಡಿ ಐನೂರು ರೂಪಾಯಿ ಇಳಿಸಿಕೊಂಡು ಬಂದರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಕರಾರು ಪತ್ರದ ಒಳಗೆ ಎಲ್ಲೋ ಒಂದು ಕಡೆ ‘ಮೈಂಟೆನೆನ್ಸ್ ಪ್ರತ್ಯೇಕ’ ಎಂಬ ಒಂದು ಸಾಲು ಇರ್ತದೆ. ಅದನ್ನು ಹೆಚ್ಚಿನವರು ಓದುವುದೇ ಇಲ್ಲ. ಇಳಿಸಿಕೊಂಡ ಐನೂರು ಆ ಒಂದು ಸಾಲಿನಲ್ಲಿ ವಾಪಸು ಹೋಗಿರುವುದು ಗೊತ್ತಾಗುವುದು ವರ್ಷ ಕಳೆದ ಮೇಲೆ.

ಮೈಂಟೆನೆನ್ಸ್ ಅಂದರೆ ಯಾರ ಅಂಗಡಿಗೂ ಸೇರದ, ಆದರೆ ಎಲ್ಲರೂ ಬಳಸುವ ಜಾಗದ ಖರ್ಚು. ವರಾಂಡ, ಮೆಟ್ಟಿಲು, ಲಿಫ್ಟ್, ಶೌಚಾಲಯ, ಪಾರ್ಕಿಂಗ್, ನೀರಿನ ಪಂಪು, ಜನರೇಟರ್, ವಾಚ್‌ಮನ್ ಎಲ್ಲ ಇದರಲ್ಲಿ ಬರ್ತದೆ. ಈ ಖರ್ಚನ್ನು ಬಾಡಿಗೆದಾರರು ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ. ಜಗಳ ಬರುವುದು ಖರ್ಚಿನ ಮೊತ್ತದಿಂದಲ್ಲ, ಅದನ್ನು ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ ಎಂಬುದರಿಂದ.

ಲೆಕ್ಕ ಅರ್ಥವಾಗಲು ಒಂದು ಕಾಂಪ್ಲೆಕ್ಸನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರು ಮಹಡಿ, ಬಾಡಿಗೆಗೆ ಕೊಡಬಹುದಾದ ಜಾಗ ಒಟ್ಟು 10,000 ಚದರ ಅಡಿ. ತಿಂಗಳ ಖರ್ಚು ಹೀಗೆ: ಹಗಲು ರಾತ್ರಿಯ ವಾಚ್‌ಮನ್ 28,000, ಗುಡಿಸುವುದು ಮತ್ತು ಶೌಚಾಲಯ 12,000, ವರಾಂಡದ ದೀಪ, ಪಂಪು, ಲಿಫ್ಟಿನ ಕರೆಂಟು 9,000, ಲಿಫ್ಟಿನ ಸರ್ವಿಸ್ 3,000, ಜನರೇಟರಿನ ಡೀಸೆಲ್ ಮತ್ತು ಸರ್ವಿಸ್ 8,000. ಒಟ್ಟು 60,000 ರೂಪಾಯಿ. ಎಲ್ಲ ರೂಮೂ ಭರ್ತಿ ಇದ್ದರೆ ಚದರ ಅಡಿಗೆ 6 ರೂಪಾಯಿ ಬೀಳ್ತದೆ. 250 ಚದರ ಅಡಿಯ ಒಂದು ಫ್ಯಾನ್ಸಿ ಅಂಗಡಿಯವರು ಕೊಡಬೇಕಾದ್ದು ತಿಂಗಳಿಗೆ 1,500.

ಈಗ ಎರಡನೇ ಮಹಡಿಯಲ್ಲಿ 2,000 ಚದರ ಅಡಿ ಖಾಲಿ ಬಿತ್ತು ಅಂತ ಇಟ್ಟುಕೊಳ್ಳಿ. ವಾಚ್‌ಮನ್ ಸಂಬಳ ಕಡಿಮೆಯಾಗುವುದಿಲ್ಲ, ಲಿಫ್ಟಿನ ಸರ್ವಿಸ್ ಕೂಡ ಕಡಿಮೆಯಾಗುವುದಿಲ್ಲ. ಮಾಲಕರು 60,000ವನ್ನು ಭರ್ತಿ ಇರುವ 8,000 ಚದರ ಅಡಿಯಿಂದ ಭಾಗಿಸ್ತಾರೆ. ದರ 6 ಇದ್ದದ್ದು 7.50 ಆಗ್ತದೆ. ಫ್ಯಾನ್ಸಿ ಅಂಗಡಿಯವರ ಬಿಲ್ಲು 1,500ರಿಂದ 1,875ಕ್ಕೆ ಏರ್ತದೆ. ಅಂಗಡಿ ದೊಡ್ಡದಾಗಲಿಲ್ಲ, ಸೌಕರ್ಯ ಹೆಚ್ಚಾಗಲಿಲ್ಲ, ಆದರೂ ವರ್ಷಕ್ಕೆ 4,500 ರೂಪಾಯಿ ಜಾಸ್ತಿ. ಖಾಲಿ ರೂಮಿನ ಪಾಲು ತಿಂಗಳಿಗೆ 12,000 ರೂಪಾಯಿ. ಅದು ಮಾಲಕರ ಕಿಸೆಯಿಂದ ಹೋಗಬೇಕಾದ್ದು ಇದ್ದ ಅಂಗಡಿಯವರ ಮೇಲೆ ಬಿತ್ತು.

ಇದು ಯಾಕೆ ಸರಿಯಲ್ಲ? ರೂಮು ಖಾಲಿ ಬೀಳುವುದು ಕಟ್ಟಡ ಕಟ್ಟಿದವರ ವ್ಯಾಪಾರದ ಏರುಪೇರು. ಬಾಡಿಗೆ ಹೆಚ್ಚು ಕೇಳಿದ್ದಕ್ಕೆ ರೂಮು ಹೋಗದೆ ಇರಬಹುದು, ಒಳ್ಳೆಯ ಪಾರ್ಟಿ ಬರಲಿ ಅಂತ ಅವರೇ ಕಾಯುತ್ತಿರಬಹುದು. ಅದನ್ನು ತೀರ್ಮಾನಿಸುವುದು ಅವರು. ಕೆಳಗಿನ ಮಹಡಿಯ ಚಪ್ಪಲಿ ಅಂಗಡಿಯವರಿಗೆ ಅದರಲ್ಲಿ ಮಾತೂ ಇಲ್ಲ, ಆ ರೂಮು ತುಂಬಿದರೆ ಬರುವ ಬಾಡಿಗೆಯಲ್ಲಿ ಪಾಲೂ ಇಲ್ಲ. ಮತ್ತೊಂದು ವಿಷಯವೂ ಉಂಟು. ಖಾಲಿ ರೂಮಿನ ಖರ್ಚು ಇತರರಿಂದ ಬರುವುದಾದರೆ ಅದನ್ನು ಬೇಗ ಬಾಡಿಗೆಗೆ ಕೊಡುವ ಅವಸರ ಮಾಲಕರಿಗೆ ಕಡಿಮೆಯಾಗ್ತದೆ.

ಹಾಗಂತ ಮಾಲಕರ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ಹೇಳುವ ಹಾಗಿಲ್ಲ. ‘ಖಾಲಿ ರೂಮಿಗೆ ಜನರೇಟರ್ ಓಡುವುದೇ ಇಲ್ಲ, ಆ ಡೀಸೆಲ್ ನಾನು ಯಾಕೆ ಕೊಡಬೇಕು’ ಅಂತ ಅವರು ಕೇಳಿದರೆ ಅದು ನ್ಯಾಯದ ಪ್ರಶ್ನೆ. ಆದ್ದರಿಂದ ಖರ್ಚನ್ನು ಎರಡು ಭಾಗ ಮಾಡಬೇಕು. ಅಂಗಡಿ ತೆರೆದಿರಲಿ, ಮುಚ್ಚಿರಲಿ, ಇದ್ದೇ ಇರುವ ಖರ್ಚು ಒಂದು. ಬಳಸಿದಷ್ಟೇ ಆಗುವ ಖರ್ಚು ಇನ್ನೊಂದು. ನಮ್ಮ ಉದಾಹರಣೆಯಲ್ಲಿ ಜನರೇಟರಿನ 8,000 ಎರಡನೆಯದು, ಉಳಿದ 52,000 ಮೊದಲನೆಯದು. ಮೊದಲನೆಯದನ್ನು ಇಡೀ 10,000 ಚದರ ಅಡಿಯಿಂದ ಭಾಗಿಸಿದರೆ 5.20 ರೂಪಾಯಿ. ಎರಡನೆಯದನ್ನು ಬಳಸುವ 8,000 ಚದರ ಅಡಿಯಿಂದ ಭಾಗಿಸಿದರೆ 1 ರೂಪಾಯಿ. ಒಟ್ಟು 6.20. ಫ್ಯಾನ್ಸಿ ಅಂಗಡಿಯವರು ಕೊಡಬೇಕಾದ್ದು 1,550, ಖಾಲಿ ಜಾಗದ ಬಾಬ್ತು ಮಾಲಕರು ಹಾಕಬೇಕಾದ್ದು 10,400. ಇಬ್ಬರಿಗೂ ಅನ್ಯಾಯ ಆಗದ ಲೆಕ್ಕ ಇದು.

ಎರಡನೇ ಗೊಂದಲ ಅಳತೆಯದ್ದು. ಅಂಗಡಿಯ ಒಳಗೆ ಟೇಪು ಹಿಡಿದರೆ ಸಿಗುವ ಜಾಗವನ್ನು ಕಾರ್ಪೆಟ್ ಏರಿಯಾ ಅನ್ತಾರೆ. ಗೋಡೆಯ ದಪ್ಪ, ವರಾಂಡ, ಮೆಟ್ಟಿಲಿನ ಪಾಲು ಎಲ್ಲ ಸೇರಿಸಿದರೆ ಸೂಪರ್ ಬಿಲ್ಟ್ ಅಪ್ ಏರಿಯಾ. ಒಳಗೆ 250 ಚದರ ಅಡಿ ಇರುವ ರೂಮು ಕರಾರಿನಲ್ಲಿ 325 ಅಂತ ಇರಬಹುದು. ಎಲ್ಲರಿಗೂ ಒಂದೇ ಅಳತೆ ಹಿಡಿದು, ಒಟ್ಟು ಜಾಗವನ್ನೂ ಅದೇ ಅಳತೆಯಲ್ಲಿ ತೆಗೆದುಕೊಂಡರೆ ಪಾಲಿನಲ್ಲಿ ವ್ಯತ್ಯಾಸ ಬರುವುದಿಲ್ಲ. ಕೆಡುವುದು ಎರಡು ಅಳತೆ ಬೆರೆತಾಗ. ದರ ತೆಗೆಯುವಾಗ ಕಾರ್ಪೆಟ್ ಲೆಕ್ಕದ 8,000ದಿಂದ ಭಾಗಿಸಿ, ಬಿಲ್ಲು ಬರೆಯುವಾಗ 325ರಿಂದ ಗುಣಿಸಿದರೆ ಅದೇ ಅಂಗಡಿಗೆ 2,437 ರೂಪಾಯಿ 50 ಪೈಸೆ ಬೀಳ್ತದೆ. 1,550 ಎಲ್ಲಿ, ಇದು ಎಲ್ಲಿ? ವರ್ಷಕ್ಕೆ 10,650 ರೂಪಾಯಿ ವ್ಯತ್ಯಾಸ. ಸಣ್ಣ ಅಂಗಡಿಯವರಿಗೆ ಇದು ರಮಳಾನಿನ ಸೀಸನಿಗೆ ತರುವ ಮಾಲಿನ ಒಂದು ಪಾಲು.

ಇದನ್ನು ಕಂಡುಹಿಡಿಯಲು ದೊಡ್ಡ ಓದು ಬೇಡ. ಕಾಂಪ್ಲೆಕ್ಸಿನ ಅಂಗಡಿಯವರೆಲ್ಲ ಒಂದು ದಿನ ಅಸರ್ ನಂತರ ಕೂತು ತಮ್ಮ ತಮ್ಮ ತಿಂಗಳ ಬಿಲ್ಲನ್ನು ಒಂದು ಕಾಗದದಲ್ಲಿ ಕೂಡಿಸಿದರೆ ಸಾಕು. ಕೂಡಿ ಬಂದ ಮೊತ್ತ ಆ ತಿಂಗಳ ನಿಜವಾದ ಖರ್ಚಿಗಿಂತ ಹೆಚ್ಚಿದ್ದರೆ ಅಳತೆಯಲ್ಲೋ ದರದಲ್ಲೋ ತಪ್ಪು ಇದೆ ಅಂತ ಅರ್ಥ. ರೂಮು ಖಾಲಿ ಇದ್ದೂ ಸಂಗ್ರಹವಾದ ಹಣ ಖರ್ಚಿಗೆ ಸರಿಸಮ ಆಗಿದ್ದರೆ ಮಾಲಕರ ಪಾಲು ಸೊನ್ನೆ ಅಂತ ಅರ್ಥ. ಒಬ್ಬೊಬ್ಬರ ಬಿಲ್ಲು ಮಾತ್ರ ನೋಡಿದರೆ ಇದು ಎಂದೂ ಕಾಣುವುದಿಲ್ಲ.

ಮೂರನೆಯದು, ಮೈಂಟೆನೆನ್ಸ್ ಹೆಸರಿನಲ್ಲಿ ಬರುವ ದೊಡ್ಡ ಖರ್ಚುಗಳು. ಕಟ್ಟಡಕ್ಕೆ ಹೊರಗಿನ ಪೈಂಟ್, ತಾರಸಿಯ ಸೋರಿಕೆ ನಿಲ್ಲಿಸುವ ಕೆಲಸ, ಹಳೆ ಲಿಫ್ಟ್ ತೆಗೆದು ಹೊಸದು ಹಾಕುವುದು. ಲಿಫ್ಟಿನ ಸರ್ವಿಸ್ ದಿನನಿತ್ಯದ ಖರ್ಚು, ಆದರೆ ಹೊಸ ಲಿಫ್ಟ್ ಕಟ್ಟಡದ ಆಸ್ತಿ. ಬಾಡಿಗೆದಾರರು ಬಿಟ್ಟು ಹೋದ ಮೇಲೂ ಅದು ಮಾಲಕರ ಹತ್ತಿರವೇ ಉಳೀತದೆ. ಇಂಥದ್ದು ಮಾಲಕರ ಖರ್ಚು ಅಂತ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಪೈಂಟಿನಂಥ ಖರ್ಚನ್ನು ಹಂಚಲೇಬೇಕಾದರೆ ಅದು ಬಾಳುವ ವರ್ಷಗಳಿಗೆ ಹಂಚಬೇಕು. 2,40,000ದ ಪೈಂಟನ್ನು ಒಂದೇ ವರ್ಷ ಇದ್ದ 8,000 ಚದರ ಅಡಿಯ ಮೇಲೆ ಹಾಕಿದರೆ 250 ಅಡಿಯ ಅಂಗಡಿಗೆ 7,500. ಅದನ್ನೇ ಐದು ವರ್ಷಕ್ಕೆ, ಇಡೀ 10,000 ಅಡಿಗೆ ಹಂಚಿದರೆ ವರ್ಷಕ್ಕೆ 1,200 ಮಾತ್ರ. ಮುಂದಿನ ವರ್ಷ ಅಂಗಡಿ ಖಾಲಿ ಮಾಡುವವರು ಐದು ವರ್ಷದ ಪೈಂಟಿಗೆ ಹಣ ಕೊಡಬೇಕಾಗಿಲ್ಲ.

ಇನ್ನು ಎಲ್ಲವನ್ನೂ ಅಡಿಯ ಲೆಕ್ಕದಲ್ಲೇ ಹಂಚಬೇಕೆಂದೂ ಇಲ್ಲ. ಹೋಟೆಲಿನವರ ನೀರು ಮತ್ತು ಕಸ, ಮೊಬೈಲ್ ಅಂಗಡಿಯವರ ನೀರು ಮತ್ತು ಕಸ ಒಂದೇ ಆಗುವುದಿಲ್ಲ. ನೀರಿಗೆ ಬೇರೆ ಮೀಟರ್ ಹಾಕಿಸಿದರೆ ಆ ಮಾತೇ ಮುಗಿಯಿತು. ರಸ್ತೆಗೆ ಬಾಗಿಲಿರುವ ಕೆಳಗಿನ ಅಂಗಡಿಯವರು ಲಿಫ್ಟಿನ ಖರ್ಚು ಮೇಲಿನವರಿಗೆ ಮಾತ್ರ ಹಾಕಿ ಅಂತ ಕೇಳಬಹುದು. ಮಾಲಕರು ಒಪ್ಪಲೂಬಹುದು. ಆದರೆ ಇದೆಲ್ಲ ಸಹಿ ಹಾಕುವ ಮೊದಲಿನ ಮಾತು. ಸಹಿ ಆದ ಮೇಲೆ ಕರಾರಿನಲ್ಲಿ ಬರೆದದ್ದೇ ನಡೀತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಮಾಲಕರ ಮತ್ತು ಬಾಡಿಗೆದಾರರ ಹೊಣೆಗಳನ್ನು ಹೇಳ್ತದೆ, ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರಿನದ್ದೇ ಮೇಲುಗೈ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ನೋಂದಣಿ ಆಗಬೇಕೆಂಬುದನ್ನೂ ಮರೆಯಬಾರದು.

ಬರೆಸಬೇಕಾದ್ದು ಐದು ಮಾತು. ಯಾವ ಖರ್ಚು ಮೈಂಟೆನೆನ್ಸಿಗೆ ಸೇರ್ತದೆ, ಯಾವುದು ಸೇರುವುದಿಲ್ಲ ಎಂಬ ಪಟ್ಟಿ. ಭಾಗಿಸುವ ಒಟ್ಟು ಜಾಗ ಎಷ್ಟು ಅಡಿ, ಯಾವ ಅಳತೆಯಲ್ಲಿ ಎಂಬುದು, ಅಂಕಿ ಸಮೇತ. ಖಾಲಿ ಜಾಗದ ಪಾಲು ಮಾಲಕರದ್ದು ಎಂಬುದು. ವರ್ಷಕ್ಕೆ ಇಂತಿಷ್ಟು ಶೇಕಡಕ್ಕಿಂತ ದರ ಏರಬಾರದು ಎಂಬುದು. ಕೊನೆಯದಾಗಿ, ಮಾರ್ಚ್ ಮುಗಿದ ಮೇಲೆ ಬಿಲ್ಲುಗಳನ್ನು ತೋರಿಸಿ, ಹೆಚ್ಚು ತೆಗೆದುಕೊಂಡದ್ದನ್ನು ಮುಂದಿನ ತಿಂಗಳಲ್ಲಿ ಮುರಿದುಕೊಳ್ಳಬೇಕು ಎಂಬುದು. ತಿಂಗಳು ತಿಂಗಳು ಕೊಡುವುದು ಅಂದಾಜಿನ ಹಣ ಮಾತ್ರ. ವರ್ಷದ ಕೊನೆಗೆ ನಿಜವಾದ ಖರ್ಚಿನ ಜೊತೆ ತಾಳೆ ಹಾಕದಿದ್ದರೆ ಅಂದಾಜೇ ಬಿಲ್ಲಾಗಿ ಉಳೀತದೆ.

ಜಿಎಸ್‌ಟಿ ವಿಷಯವನ್ನೂ ನೋಡಿಕೊಳ್ಳಬೇಕು. ನೋಂದಣಿ ಇರುವ ಮಾಲಕರು ಅಂಗಡಿ ಬಾಡಿಗೆಯ ಮೇಲೂ ಮೈಂಟೆನೆನ್ಸ್ ಮೇಲೂ ಶೇ. 18 ಹಾಕ್ತಾರೆ. ಸಾಮಾನ್ಯ ರೀತಿಯ ನೋಂದಣಿ ಇರುವ ವ್ಯಾಪಾರಿಗೆ ಅದು ತನ್ನ ತೆರಿಗೆಯಲ್ಲಿ ಹೊಂದಾಣಿಕೆ ಆಗ್ತದೆ. ನೋಂದಣಿ ಇಲ್ಲದವರಿಗೆ, ಕಾಂಪೋಸಿಷನ್‌ನಲ್ಲಿ ಇರುವವರಿಗೆ ಅದು ಕೈಯಿಂದ ಹೋಗುವ ಖರ್ಚೇ. ಮಾಲಕರಿಗೆ ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವ ಹಾಗೇ ಇಲ್ಲ. ಆದ್ದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ಅಂತ ನೋಡುವುದು ನಮ್ಮ ಕೆಲಸ.

ಕೊನೆಯಲ್ಲಿ ನಮ್ಮ ಊರುಗಳಿಗೆ ಸೇರಿದ ಒಂದು ಮಾತು. ನಮ್ಮಲ್ಲಿ ಎಷ್ಟೋ ಜಮಾಅತ್‌ಗಳಿಗೆ ಮಸೀದಿಯ ಸ್ವಂತ ಕಾಂಪ್ಲೆಕ್ಸ್ ಇದೆ. ಅಲ್ಲಿ ಮಾಲಕರು ಕಮಿಟಿ, ಬಾಡಿಗೆದಾರರು ಅದೇ ಜಮಾಅತಿನವರು. ಮಸೀದಿಯ ಹತ್ತಿರ ಲೆಕ್ಕ ಕೇಳುವುದು ಹೇಗೆ ಅಂತ ಅಂಗಡಿಯವರಿಗೆ ಮುಜುಗರ, ಕೇಳಿದರೆ ಕಮಿಟಿಯವರಿಗೆ ಬೇಸರ. ಇಲ್ಲಿ ಒಂದು ವಿಷಯ ಬಿಡಿಸಿ ನೋಡಿದರೆ ಇಬ್ಬರಿಗೂ ಹಗುರ. ಬಾಡಿಗೆ ಮಸೀದಿಯ ಆದಾಯ. ಮೈಂಟೆನೆನ್ಸ್ ಆದಾಯವಲ್ಲ, ಒಂದು ಕೆಲಸಕ್ಕೆಂದು ಬಾಡಿಗೆದಾರರು ಕಮಿಟಿಯ ಕೈಯಲ್ಲಿ ಇಟ್ಟ ಹಣ, ಅಮಾನತ್. ಅದಕ್ಕೆ ಬೇರೆ ಪುಸ್ತಕ, ಸಾಧ್ಯವಿದ್ದರೆ ಬೇರೆ ಬ್ಯಾಂಕ್ ಖಾತೆ ಇರಬೇಕು. ವರ್ಷಕ್ಕೊಮ್ಮೆ ಒಂದು ಪುಟದ ಲೆಕ್ಕವನ್ನು, ಬಂದದ್ದೆಷ್ಟು, ಹೋದದ್ದೆಷ್ಟು, ಭಾಗಿಸಿದ್ದು ಎಷ್ಟು ಅಡಿಯಿಂದ ಅಂತ, ಕಾಂಪ್ಲೆಕ್ಸಿನ ಮೆಟ್ಟಿಲಿನ ಬಳಿ ಅಂಟಿಸಿದರೆ ಯಾರೂ ಯಾರ ಹತ್ತಿರವೂ ಕೇಳಬೇಕಾಗಿಲ್ಲ.